ಸಿಪ್ಪೆಯ ರಾಶಿಯಲ್ಲಿ ಹೆಸರಿಲ್ಲದ ಜೀವಿ

ಅಡಿಕೆಯ ಸುಗ್ಗಿ ಮುಗಿಯುತ್ತ ಬಂದಾಗ ಶಿವಮೊಗ್ಗ ಜಿಲ್ಲೆಯ ರಸ್ತೆಗಳಲ್ಲಿ ಪ್ರಯಾಣ ಮಾಡಿದವರಿಗೆ ಒಂದು ನೋಟ ಚಿರಪರಿಚಿತವಾದುದು. ಅಡಿಕೆ ಸುಲಿದ ಮೇಲೆ ಉಳಿದ ಸಿಪ್ಪೆಯನ್ನು ಗಾಡಿಗಟ್ಟಲೆ ತಂದು ದಾರಿಯ ಬದಿಯಲ್ಲಿ ಸುರಿದಿರುತ್ತಾರೆ. ಭತ್ತದ ಹುಲ್ಲಾದರೆ ದನಕ್ಕಾದೀತು, ತೆಂಗಿನ ನಾರಾದರೆ ಹಗ್ಗಕ್ಕಾದೀತು. ಅಡಿಕೆಯ ಸಿಪ್ಪೆಯನ್ನು ಕೇಳುವವರು ಕಡಮೆ. ಅದು ಬೇಗನೆ ಕೊಳೆಯುವುದೂ ಇಲ್ಲ. ಅದರ ನಾರಿನಲ್ಲಿರುವ ಸೆಲ್ಯುಲೋಸ್ ಎಂಬ ವಸ್ತುವನ್ನು ಲಿಗ್ನಿನ್ ಎಂಬ ಮತ್ತೊಂದು ಗಡುಸಾದ ವಸ್ತು ಅಪ್ಪಿಕೊಂಡಿರುವುದೇ ಇದಕ್ಕೆ ಕಾರಣ. ಕೊನೆಗೆ ಬೇಸತ್ತು ಯಾರೋ ಒಬ್ಬರು ಬೆಂಕಿ ಹಚ್ಚುತ್ತಾರೆ, ಊರಿಗೆಲ್ಲ ಹೊಗೆ.

ಆದರೆ ಮಳೆ ಬಿದ್ದ ಹಳೆಯ ರಾಶಿಯ ಬುಡವನ್ನು ಕೆದಕಿ ನೋಡಿದರೆ ಅಲ್ಲಿ ಸಿಪ್ಪೆ ಕಪ್ಪಾಗಿ, ಮೆತ್ತಗಾಗಿ, ಮಣ್ಣಿನ ವಾಸನೆ ಬೀರುತ್ತಿರುತ್ತದೆ. ಯಾರೋ ಅಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಿದ್ದಾರೆ. ಅವರು ಯಾರು? ಅವರನ್ನು ಹಿಡಿದು ತಂದು, ಬೆಳೆಸಿ, ಹೊಸ ರಾಶಿಗೆ ಚೆಲ್ಲಿದರೆ ಸಿಪ್ಪೆಯೆಲ್ಲ ಗೊಬ್ಬರವಾದೀತೇ? ಈ ಪ್ರಶ್ನೆ ತೋಟಗಾರರಿಗೂ ವಿಜ್ಞಾನದ ವಿದ್ಯಾರ್ಥಿಗಳಿಗೂ ಸಹಜವಾಗಿಯೇ ಹೊಳೆಯುತ್ತದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಗಳನ್ನು ಅಭ್ಯಾಸ ಮಾಡುವ ವಿಭಾಗಗಳಿವೆ. ಅಂಥ ಯಾವುದೇ ವಿಭಾಗದ ವಿದ್ಯಾರ್ಥಿಯೊಬ್ಬಳು ಭದ್ರಾವತಿಯ ಹೊರವಲಯದ ಒಂದು ರಾಶಿಯಿಂದ ಒಂದು ಚಿಟಿಕೆ ಸಿಪ್ಪೆಯನ್ನು ತಂದಳೆಂದು ಇಟ್ಟುಕೊಳ್ಳೋಣ. ಇದು ನಡೆದುಹೋದ ಒಂದು ಘಟನೆಯ ವರದಿಯಲ್ಲ; ಇಂಥ ಪ್ರಯೋಗಶಾಲೆಗಳಲ್ಲಿ ನಿತ್ಯವೂ ನಡೆಯುವ ಕೆಲಸದ ಒಂದು ಮಾದರಿ. ಈ ಮಾದರಿಯನ್ನು ಹಿಡಿದು, ಹೆಸರಿಲ್ಲದ ಜೀವಿಗೆ ಹೆಸರು ಹುಡುಕುವ ಬಗೆಯನ್ನು ಈ ವಾರ ವಾಚಕರ ಮುಂದಿಡುತ್ತೇವೆ.

ವಿದ್ಯಾರ್ಥಿನಿ ಆ ಚಿಟಿಕೆಯನ್ನು ಶುದ್ಧ ನೀರಿನಲ್ಲಿ ಕದಡಿ, ಹಲವು ಸಲ ತೆಳುಮಾಡಿ, ಸೆಲ್ಯುಲೋಸಿನ ಒಂದು ರೂಪವನ್ನು ಬೆರೆಸಿದ ಲೋಳೆಯ ತಟ್ಟೆಯ ಮೇಲೆ ಹರಡುತ್ತಾಳೆ. ಎರಡು ದಿನಗಳಲ್ಲಿ ಅಲ್ಲಲ್ಲಿ ಚುಕ್ಕೆಗಳು ಮೂಡುತ್ತವೆ. ಒಂದೊಂದು ಚುಕ್ಕೆಯೂ ಕೋಟ್ಯಂತರ ಬ್ಯಾಕ್ಟೀರಿಯಾಗಳ ಒಂದು ಸಂಸಾರ. ತಟ್ಟೆಯ ಮೇಲೆ ಕಾಂಗೋ ರೆಡ್ ಎಂಬ ಕೆಂಪು ಬಣ್ಣವನ್ನು ಹೊಯ್ದು ಉಪ್ಪುನೀರಿನಿಂದ ತೊಳೆದರೆ, ಸೆಲ್ಯುಲೋಸ್ ಉಳಿದ ಕಡೆ ಕೆಂಪು ನಿಲ್ಲುತ್ತದೆ. ಅದನ್ನು ಜೀರ್ಣಿಸಿಕೊಂಡ ಚುಕ್ಕೆಯ ಸುತ್ತ ಮಾತ್ರ ಚಂದ್ರನ ಸುತ್ತಲಿನ ಪರಿವೇಷದಂತೆ ಮಾಸಲು ಉಂಗುರವೊಂದು ಕಾಣುತ್ತದೆ. ಅತಿ ದೊಡ್ಡ ಉಂಗುರವುಳ್ಳ ಚುಕ್ಕೆಯನ್ನು ಅವಳು ಆರಿಸಿ, ಅದೇ ಸಂಸಾರದ ಇನ್ನೊಂದು ಪ್ರತಿಯಿಂದ ಸೂಜಿಯ ಮೊನೆಯಷ್ಟನ್ನು ತೆಗೆದು, ಮತ್ತೆ ಮತ್ತೆ ಹೊಸ ತಟ್ಟೆಯ ಮೇಲೆ ಗೀರಿ ಬೇರೆ ಜಾತಿಗಳ ಬೆರಕೆ ಇಲ್ಲದಂತೆ ಶುದ್ಧಗೊಳಿಸುತ್ತಾಳೆ.

ಕೆಲಸಗಾರ ಸಿಕ್ಕಿದ. ಇನ್ನು ಅವನನ್ನು ಚೀಲಕ್ಕೆ ತುಂಬಿ ತೋಟಕ್ಕೆ ಕೊಡಬಹುದಲ್ಲ! ಇಲ್ಲ. ಆ ಚೀಲವನ್ನು ಬರಿಗೈಯಿಂದ ಬಿಚ್ಚುವವರು ತೋಟದ ಆಳುಗಳು. ಆ ಗೊಬ್ಬರದ ಮೇಲೆ ಆಡುವವರು ಮಕ್ಕಳು. ಗುರುತು ಪರಿಚಯವಿಲ್ಲದವನನ್ನು ಮನೆಗೆ ಸೇರಿಸುವ ಮುನ್ನ ಅವನ ಕುಲಗೋತ್ರವನ್ನು ಕೇಳಲೇಬೇಕು.

ಮುಖ ನೋಡಿ ಹೆಸರು ಹೇಳಲಾಗದು

ಹುಲಿಗೂ ಚಿರತೆಗೂ ಇರುವ ಭೇದವನ್ನು ಮಗುವೂ ಹೇಳೀತು. ಬ್ಯಾಕ್ಟೀರಿಯಾಗಳಲ್ಲಿ ಈ ಸೌಕರ್ಯವಿಲ್ಲ. ಸೂಕ್ಷ್ಮದರ್ಶಕದಲ್ಲಿ ಅವು ಕಾಣುವುದು ಸಣ್ಣ ಕಡ್ಡಿಗಳಂತೆ, ಗುಂಡುಗಳಂತೆ ಇಲ್ಲವೆ ಸುರುಳಿಗಳಂತೆ. ನಮ್ಮ ವಿದ್ಯಾರ್ಥಿನಿಯ ಜೀವಿ ಕಡ್ಡಿಯಂತಿದೆ; ಗ್ರಾಂ ಬಣ್ಣವನ್ನು ಹಿಡಿದುಕೊಳ್ಳುತ್ತದೆ; ಒಳಗೆ ಬೀಜದಂಥ ಒಂದು ಗಟ್ಟಿ ಕಣವನ್ನು ಕಟ್ಟುತ್ತದೆ. ಈ ಲಕ್ಷಣಗಳಿಗೆ ಒಪ್ಪುವ ಜಾತಿಗಳು ನೂರಾರು. ಹಿಂದೆ ಯಾವ ಸಕ್ಕರೆಯನ್ನು ತಿನ್ನುತ್ತದೆ, ಯಾವ ಆಮ್ಲವನ್ನು ಕಕ್ಕುತ್ತದೆ ಎಂದು ಹತ್ತಾರು ಪರೀಕ್ಷೆಗಳನ್ನು ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಆದರೆ ಅಭ್ಯಾಸಗಳು ಒಂದೇ ಆದ ಮಾತ್ರಕ್ಕೆ ಇಬ್ಬರು ನೆಂಟರಾಗುವುದಿಲ್ಲ.

ಕುಲವನ್ನು ನಂಬಿಕೆಯಿಂದ ಹೇಳಬಲ್ಲ ದಾಖಲೆಯೊಂದು ಬೇಕು. ಅದು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರಬೇಕು. ಹಾಗೂ ಒಂದರಲ್ಲಿದ್ದಂತೆ ಇನ್ನೊಂದರಲ್ಲಿ ಇರಬಾರದು. ಈ ಎರಡು ಬೇಡಿಕೆಗಳು ಒಂದಕ್ಕೊಂದು ವಿರೋಧವೆಂದು ತೋರುತ್ತವೆ. ಆದರೆ ಅಂಥ ದಾಖಲೆ ಇದೆ. ಅಮೆರಿಕದ ಕಾರ್ಲ್ ವೋಸ್ ಎಂಬ ವಿಜ್ಞಾನಿ ಅದನ್ನು ಓದಿ, ಜೀವಿಗಳ ವಂಶವೃಕ್ಷದಲ್ಲಿ ಅದುವರೆಗೆ ಯಾರೂ ಎಣಿಸದಿದ್ದ ಒಂದು ಹಿರಿಯ ಕೊಂಬೆಯೇ ಇದೆಯೆಂದು 1977ರಲ್ಲಿ ತೋರಿಸಿಕೊಟ್ಟನು.

ಜೀವಕೋಶವೆಂದರೆ ಅದರಲ್ಲಿ ಪ್ರೋಟೀನು ತಯಾರಾಗಬೇಕು. ಪ್ರೋಟೀನನ್ನು ತಯಾರಿಸುವ ಸೂಕ್ಷ್ಮಯಂತ್ರಕ್ಕೆ ರೈಬೋಸೋಮ್ ಎಂದು ಹೆಸರು. ಅದರ ಚೌಕಟ್ಟು ಆರ್.ಎನ್.ಎ. ಎಂಬ ಎಳೆಗಳಿಂದಾದುದು. ಈ ಎಳೆಗಳಲ್ಲಿ ಒಂದಕ್ಕೆ 16ಎಸ್ ಎಂದು ಹೆಸರಿಟ್ಟಿದ್ದಾರೆ. ಅದನ್ನು ನೇಯುವ ಕ್ರಮ ಜೀವಿಯ ಡಿ.ಎನ್.ಎ.ಯಲ್ಲಿ ಸುಮಾರು 1,500 ಅಕ್ಷರಗಳ ಒಂದು ವಾಕ್ಯವಾಗಿ ಬರೆದಿದೆ. ಅಕ್ಷರಮಾಲೆಯಲ್ಲಿ ಅಕ್ಷರಗಳು ನಾಲ್ಕೇ: A, C, G, T.

ಈ ವಾಕ್ಯದ ಕೆಲವು ಭಾಗಗಳಲ್ಲಿ ಒಂದಕ್ಷರ ತಪ್ಪಿದರೂ ಯಂತ್ರ ಕೆಟ್ಟು ಜೀವಿ ಸಾಯುತ್ತದೆ. ಆದ್ದರಿಂದ ಕೋಟಿ ಕೋಟಿ ವರ್ಷಗಳಿಂದ ಆ ಭಾಗಗಳು ಹೆಚ್ಚು ಕಡಮೆ ಒಂದೇ ಆಗಿ ಉಳಿದಿವೆ. ಮಧ್ಯೆ ಮಧ್ಯೆ ಒಂಬತ್ತು ಕಡೆಗಳಲ್ಲಿ ಮಾತ್ರ ಅಕ್ಷರಗಳು ಬದಲಾದರೂ ಯಂತ್ರ ಸಹಿಸಿಕೊಳ್ಳುತ್ತದೆ. ಅಲ್ಲಿ ಪ್ರತಿಯೊಂದು ಕುಲವೂ ತನ್ನ ಗುರುತನ್ನು ಬಿಟ್ಟಿದೆ.

ನಮ್ಮ ನಾಡಿನ ಶಾಸನಗಳನ್ನು ಬಲ್ಲವರಿಗೆ ಇದು ಹೊಸತೆನಿಸದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಾಗಲಿ ಬೇರೆಡೆಯಲ್ಲಾಗಲಿ ದಾನಶಾಸನವೆಂದರೆ ಸಾಮಾನ್ಯವಾಗಿ ಮೊದಲಲ್ಲಿ ‘ಸ್ವಸ್ತಿ’ ಎಂಬ ಮಂಗಳವಚನ. ಕಡೆಯಲ್ಲಿ ದಾನವನ್ನು ಕೆಡಿಸಿದವನಿಗೆ ಶಾಪ. ಈ ಎರಡೂ ನೂರಾರು ಕಲ್ಲುಗಳಲ್ಲಿ ಒಂದೇ ಬಗೆ. ಯಾವ ಅರಸ, ಯಾವ ಊರು, ಯಾರಿಗೆ ದಾನ ಎಂಬುದು ನಡುವೆ. ಅದು ಒಂದೊಂದು ಕಲ್ಲಿನಲ್ಲಿ ಒಂದೊಂದು ಬಗೆ. ಅರಸನಾರೆಂದು ಅರಿಯದವನೂ ಮಂಗಳವಚನವನ್ನೂ ಶಾಪವನ್ನೂ ಹುಡುಕಿಕೊಂಡು ಹೋದರೆ ಶಾಸನದ ಎರಡು ತುದಿಗಳನ್ನು ಹಿಡಿಯಬಹುದು. ತುದಿಗಳು ಸಿಕ್ಕ ಮೇಲೆ ನಡುವಿನ ಹೆಸರನ್ನು ಓದಿಕೊಳ್ಳಬಹುದು. 16ಎಸ್ ವಾಕ್ಯವನ್ನು ಹಿಡಿಯುವ ಉಪಾಯವೂ ಇಷ್ಟೇ.

ಒಂದನ್ನು ಕೋಟಿ ಮಾಡುವ ಬಗೆ

ತೊಂದರೆಯೆಂದರೆ, ಬ್ಯಾಕ್ಟೀರಿಯಾದ ಡಿ.ಎನ್.ಎ.ಯಲ್ಲಿ ಹಲವು ಲಕ್ಷ ಅಕ್ಷರಗಳಿರುತ್ತವೆ. ಅವುಗಳ ನಡುವೆ 1,500 ಅಕ್ಷರಗಳ ಈ ತುಣುಕು ಕಣಜದೊಳಗಿನ ಕಾಳಿನಂತೆ. ಓದಬೇಕಾದರೆ ಆ ತುಣುಕೊಂದನ್ನೇ ಕೋಟಿಗಟ್ಟಲೆ ಪ್ರತಿಗಳಾಗಿ ಹೆಚ್ಚಿಸಬೇಕು. ಹೆಚ್ಚಿಸುವ ಕ್ರಮವನ್ನು ಕ್ಯಾರಿ ಮುಲಿಸ್ ಎಂಬಾತ 1983ರಲ್ಲಿ ಕಂಡುಹಿಡಿದನು. 1993ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಇದಕ್ಕೆ ಪಾಲಿಮರೇಸ್ ಸರಪಳಿ ಕ್ರಿಯೆ, ಸಂಕ್ಷೇಪವಾಗಿ ಪಿ.ಸಿ.ಆರ್., ಎಂದು ಹೆಸರು. ನಮ್ಮವರೇ ಆದ ಹರಗೋಬಿಂದ ಖೊರಾನಾ ಅವರ ಪ್ರಯೋಗಶಾಲೆಯಿಂದ 1971ರಲ್ಲಿ ಹೊರಬಿದ್ದ ಲೇಖನವೊಂದರಲ್ಲಿಯೇ, ಎರಡು ಕಿರುತುಣುಕುಗಳನ್ನಿಟ್ಟು ಡಿ.ಎನ್.ಎ.ಯನ್ನು ಮತ್ತೆ ಮತ್ತೆ ನಕಲು ಮಾಡುವ ಯೋಚನೆ ಇದ್ದುದನ್ನು ಇಲ್ಲಿ ಸ್ಮರಿಸಬಹುದು.

ಡಿ.ಎನ್.ಎ. ಎಂಬುದು ಹೆಣೆದುಕೊಂಡ ಎರಡು ಎಳೆಗಳ ಜಡೆ. A ಎದುರಿಗೆ T, C ಎದುರಿಗೆ G ಎಂಬುದು ಅದರ ಕಟ್ಟಳೆ. ಆದ್ದರಿಂದ ಒಂದು ಎಳೆ ಕೈಯಲ್ಲಿದ್ದರೆ ಇನ್ನೊಂದನ್ನು ಬರೆದುಕೊಳ್ಳಬಹುದು. ಬರೆಯುವ ಕಿಣ್ವಕ್ಕೆ ಪಾಲಿಮರೇಸ್ ಎಂದು ಹೆಸರು. ಆದರೆ ಈ ಬರೆಹಗಾರನಿಗೆ ಒಂದು ವಿಚಿತ್ರ ಸ್ವಭಾವವಿದೆ: ಖಾಲಿ ಜಾಗದಿಂದ ಅವನು ಆರಂಭಿಸಲಾರ, ಯಾರಾದರೂ ಮೊದಲ ಕೆಲವು ಅಕ್ಷರಗಳನ್ನು ಬರೆದುಕೊಟ್ಟರೆ ಮುಂದುವರಿಸಬಲ್ಲ, ಅದೂ ಒಂದೇ ದಿಕ್ಕಿನಲ್ಲಿ. ಈ ಸ್ವಭಾವವೇ ನಮಗೆ ಅನುಕೂಲ. ಎಲ್ಲಿ ಆರಂಭಿಸಬೇಕೆಂದು ನಾವು ಬಯಸುತ್ತೇವೆಯೋ ಅಲ್ಲಿ ಕೂರುವಂಥ ಕಿರುತುಣುಕನ್ನು ಕೊಟ್ಟರಾಯಿತು. ಈ ಕಿರುತುಣುಕೇ ಪ್ರೈಮರ್. 16ಎಸ್ ವಾಕ್ಯದ ಮಂಗಳವಚನಕ್ಕೆ ಒಂದು, ಶಾಪಕ್ಕೆ ಇನ್ನೊಂದು. ಎರಡೂ ಒಂದಕ್ಕೊಂದು ಎದುರಾಗಿ ನೋಡುವಂತೆ ಇರುತ್ತವೆ. ಲೋಕದ ಬಹುಪಾಲು ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿರುವ ಜೋಡಿ ಇದು:

```
27F    AGAGTTTGATCCTGGCTCAG
1492R  GGTTACCTTGTTACGACTT
```

ಅಂಕಿಗಳು ವಾಕ್ಯದೊಳಗಿನ ಸ್ಥಾನವನ್ನು ಸೂಚಿಸುತ್ತವೆ. ಇಷ್ಟು ಅಕ್ಷರಗಳನ್ನು ಬರೆದು ಕಳುಹಿಸಿದರೆ ಪ್ರೈಮರುಗಳನ್ನು ತಯಾರಿಸಿ ಅಂಚೆಯಲ್ಲಿ ಕಳುಹಿಸುವ ಸಂಸ್ಥೆಗಳಿವೆ.

ನಮ್ಮ ವಿದ್ಯಾರ್ಥಿನಿ ಈಗ ಚುಕ್ಕೆಯ ಒಂದು ಕಣವನ್ನು ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಕೋಶಗಳನ್ನು ಒಡೆಯುತ್ತಾಳೆ. ಗಸಿಯನ್ನು ಕೆಳಗೆ ಕೂರಿಸಿ ಮೇಲಿನ ತಿಳಿಯಲ್ಲಿ ಒಂದೆರಡು ಮೈಕ್ರೋಲೀಟರನ್ನು, ಎಂದರೆ ಒಂದು ಹನಿಯ ಇಪ್ಪತ್ತು ಮೂವತ್ತರಲ್ಲೊಂದು ಪಾಲನ್ನು, ಕಿರಿದಾದ ನಳಿಗೆಗೆ ಹಾಕುತ್ತಾಳೆ. ಅದಕ್ಕೆ ಎರಡು ಪ್ರೈಮರುಗಳು, ನಾಲ್ಕು ಬಗೆಯ ಬಿಡಿ ಅಕ್ಷರಗಳು, ಸ್ವಲ್ಪ ಮೆಗ್ನೀಸಿಯಮ್ ಉಪ್ಪು, ಕಡೆಗೆ ಪಾಲಿಮರೇಸ್. ಒಟ್ಟು ದ್ರವ ಒಂದು ಹನಿಯಷ್ಟೆ. ನಳಿಗೆಯನ್ನು ಬಿಸಿಯನ್ನೂ ತಂಪನ್ನೂ ತಾನೇ ಬದಲಾಯಿಸಬಲ್ಲ ಒಂದು ಪೆಟ್ಟಿಗೆಯೊಳಗೆ ಇಡುತ್ತಾಳೆ.

ಮೊದಲು 94 ಡಿಗ್ರಿ ಸೆಂಟಿಗ್ರೇಡ್: ಜಡೆ ಬಿಚ್ಚಿ ಎರಡು ಎಳೆಗಳಾಗುತ್ತದೆ. ಅರ್ಧ ನಿಮಿಷದ ಮೇಲೆ 55 ಡಿಗ್ರಿ: ಪ್ರೈಮರುಗಳು ತಮ್ಮ ಜಾಗವನ್ನು ಹುಡುಕಿ ಕೂರುತ್ತವೆ. ಅನಂತರ 72 ಡಿಗ್ರಿ: ಬರೆಹಗಾರ ಒಂದೂವರೆ ನಿಮಿಷದಲ್ಲಿ ಎದುರೆಳೆಯನ್ನು ಬರೆದು ಮುಗಿಸುತ್ತಾನೆ. ಇದೊಂದು ಸುತ್ತು. ಮತ್ತೆ 94ಕ್ಕೆ ಏರಿದರೆ, ಹಳೆಯ ಎಳೆಗಳೂ ಹೊಸ ಎಳೆಗಳೂ ಬಿಚ್ಚಿಕೊಂಡು ಮುಂದಿನ ಸುತ್ತಿಗೆ ಎಲ್ಲವೂ ಮೂಲಪ್ರತಿಗಳಾಗುತ್ತವೆ.

ಮೊದಲ ಸುತ್ತಿನಲ್ಲಿ ಬರೆದ ಎಳೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ವಾಕ್ಯದ ಆಚೆಗೂ ಹೋಗಿರುತ್ತದೆ. ಆದರೆ ಅದರ ಆರಂಭ ಪ್ರೈಮರಿನಲ್ಲಿಯೇ ಇದೆ. ಎರಡನೆಯ ಸುತ್ತಿನಲ್ಲಿ ಎದುರಿನ ಪ್ರೈಮರಿನಿಂದ ಹೊರಟ ಬರೆಹಗಾರ ಈ ಎಳೆಯನ್ನು ನಕಲು ಮಾಡುತ್ತ ಬಂದಾಗ ಅದರ ತುದಿಯಲ್ಲಿ ಎಳೆಯೇ ಮುಗಿದುಹೋಗುತ್ತದೆ. ಹೀಗೆ ಎರಡು ತುದಿಗಳೂ ನಿಶ್ಚಿತವಾದ ತುಣುಕು ಹುಟ್ಟುತ್ತದೆ. ಅಲ್ಲಿಂದ ಮುಂದೆ ಅದೇ ದ್ವಿಗುಣಿಸುತ್ತ ಹೋಗುತ್ತದೆ. ಚದುರಂಗದ ಮಣೆಯ ಮೇಲೆ ಮನೆಗೊಂದರಂತೆ ಇಮ್ಮಡಿಸುತ್ತ ಕಾಳಿಟ್ಟ ಕಥೆಯನ್ನು ವಾಚಕರು ಬಲ್ಲರು. ಹತ್ತು ಸುತ್ತುಗಳಿಗೆ ಒಂದು ಸಾವಿರವಾಗುತ್ತದೆ. ಇಪ್ಪತ್ತಕ್ಕೆ ಹತ್ತು ಲಕ್ಷ. ಮೂವತ್ತಕ್ಕೆ ಲೆಕ್ಕದ ಪ್ರಕಾರ 107 ಕೋಟಿ. ಸಾಮಗ್ರಿ ತೀರುತ್ತ ಬರುವುದರಿಂದಲೂ ಬರೆಹಗಾರ ದಣಿಯುವುದರಿಂದಲೂ ನಿಜವಾಗಿ ದೊರೆಯುವುದು ಇದಕ್ಕಿಂತ ಕಡಮೆ. ಆದರೂ ಓದಲು ಬೇಕಾದುದಕ್ಕಿಂತ ಹೆಚ್ಚು. ಇಷ್ಟಕ್ಕೆ ಹಿಡಿಯುವ ಕಾಲ ಎರಡರಿಂದ ಮೂರು ಗಂಟೆ.

ಸಾಧಾರಣ ಕಿಣ್ವವಾದರೆ 94 ಡಿಗ್ರಿಯಲ್ಲಿ ಬೆಂದ ಮೊಟ್ಟೆಯಂತಾಗುತ್ತದೆ. ಮೊದಮೊದಲು ಪ್ರತಿಯೊಂದು ಸುತ್ತಿಗೂ ಹೊಸ ಕಿಣ್ವವನ್ನು ಹಾಕಬೇಕಾಗಿತ್ತು. ಈ ಕಷ್ಟವನ್ನು ಪರಿಹರಿಸಿದುದೂ ಒಂದು ಬ್ಯಾಕ್ಟೀರಿಯಾವೇ. ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೆಗಳಲ್ಲಿ ಬಾಳುವ ‘ಥರ್ಮಸ್ ಅಕ್ವಾಟಿಕಸ್’ ಎಂಬುದನ್ನು ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಎಂಬುವರು 1969ರಲ್ಲಿ ಲೋಕಕ್ಕೆ ಪರಿಚಯಿಸಿದ್ದರು. ಕುದಿಯುವ ನೀರಿನ ಸಮೀಪದ ಬಿಸಿಯಲ್ಲೂ ಅದರ ಪಾಲಿಮರೇಸ್ ಕೆಡುವುದಿಲ್ಲ. ‘ಟ್ಯಾಕ್’ ಎಂದು ಕರೆಯುವುದು ಅದನ್ನೇ.

ಬಂದುದು ನಿಜವೇ?

ಕ್ರಿಯೆ ಮುಗಿದ ಮೇಲೆ ನಳಿಗೆಯಲ್ಲಿ ಕಣ್ಣಿಗೆ ಕಾಣುವುದು ಅದೇ ತಿಳಿ ಹನಿ. ಒಳಗೆ ಏನಿದೆಯೆಂದು ತಿಳಿಯಲು, ಸಮುದ್ರಪಾಚಿಯಿಂದ ತೆಗೆದ ಅಗರೋಸಿನ ತೆಳುವಾದ ಹಲಗೆಯಂಥ ಲೋಳೆಯ ಒಂದು ತುದಿಯ ಗುಳಿಗಳಲ್ಲಿ ಹನಿಯನ್ನಿಟ್ಟು ವಿದ್ಯುತ್ತನ್ನು ಹಾಯಿಸುತ್ತಾರೆ. ಚಿಕ್ಕ ತುಣುಕುಗಳು ಬೇಗ ಓಡುತ್ತವೆ, ದೊಡ್ಡವು ಹಿಂದೆ ಬೀಳುತ್ತವೆ. ಪಕ್ಕದ ಸಾಲಿನಲ್ಲಿ ಉದ್ದ ಗೊತ್ತಿರುವ ತುಣುಕುಗಳನ್ನು ಅಳತೆಗೋಲಿನಂತೆ ಓಡಿಸಿರುತ್ತಾರೆ. ಹೊಳೆಯುವ ಬಣ್ಣ ಹಾಕಿ ದೀಪದ ಮೇಲಿಟ್ಟರೆ, 1,500ರ ಗುರುತಿನ ಎದುರಿಗೆ ಒಂದೇ ಒಂದು ಸ್ಪಷ್ಟವಾದ ಪಟ್ಟೆ ಕಾಣಬೇಕು.

ಪಟ್ಟೆ ಕಂಡ ಸಂತೋಷದಲ್ಲಿ ಇನ್ನೊಂದು ಸಾಲನ್ನು ಮರೆಯಲಾಗದು. ಆ ಸಾಲಿಗೆ ಇಟ್ಟ ನಳಿಗೆಯಲ್ಲಿ ಎಲ್ಲ ಸಾಮಗ್ರಿಗಳೂ ಇದ್ದು, ಜೀವಿಯ ಬದಲು ಬರಿಯ ನೀರನ್ನು ಹಾಕಿರುತ್ತಾರೆ. ಅಲ್ಲಿ ಏನೂ ಕಾಣಬಾರದು. ಕಂಡರೆ, ನೀರಿನಲ್ಲೋ ಕೈಗವಸಿನಲ್ಲೋ ಗಾಳಿಯಲ್ಲೋ ಇದ್ದ ಯಾವುದೋ ಬೇರೆ ಬ್ಯಾಕ್ಟೀರಿಯಾದ ಡಿ.ಎನ್.ಎ. ಒಳಹೊಕ್ಕಿದೆಯೆಂದು ಅರ್ಥ. ಟ್ಯಾಕ್ ಕಿಣ್ವವನ್ನೇ ಈಗ ಸಾಮಾನ್ಯವಾಗಿ ‘ಇ. ಕೋಲಿ’ ಎಂಬ ಬ್ಯಾಕ್ಟೀರಿಯಾದೊಳಗೆ ತಯಾರಿಸುವುದರಿಂದ ಅದರ ಚೂರುಗಳೂ ಉಳಿದಿರಬಹುದು. ಎಲ್ಲರಿಗೂ ಒಪ್ಪುವ ಪ್ರೈಮರಿನ ಗುಣವೇ ಇಲ್ಲಿ ಅದರ ದೋಷ: ಅದು ಅತಿಥಿಯನ್ನೂ ಕಳ್ಳನನ್ನೂ ಒಂದೇ ರೀತಿ ಬರಮಾಡಿಕೊಳ್ಳುತ್ತದೆ. ನೀರಿನ ಸಾಲಿನಲ್ಲಿ ಪಟ್ಟೆ ಮೂಡಿದ ದಿನದ ಕೆಲಸವನ್ನು ಚೆಲ್ಲಿ ಮತ್ತೆ ಮಾಡಬೇಕಾದುದೇ ದಾರಿ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು: ಎಲ್ಲಿಯೂ ಪಟ್ಟೆಯೇ ಇಲ್ಲ. ಅಡಿಕೆಯ ಸಿಪ್ಪೆಯ ಕೆಲಸದಲ್ಲಿ ಇದನ್ನು ನಿರೀಕ್ಷಿಸಿಯೇ ಇರಬೇಕು. ಅಡಿಕೆಯ ಚೊಗರನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಅದರಲ್ಲಿರುವಂಥ ಒಗರು ವಸ್ತುಗಳೂ, ಕೊಳೆತ ಮಣ್ಣಿನ ಕಂದು ಆಮ್ಲಗಳೂ ಪಾಲಿಮರೇಸಿನ ಕೈ ಕಟ್ಟುತ್ತವೆ. ಹಾಗೆ ಆಗಿದೆಯೆಂದು ಕಂಡುಕೊಳ್ಳಲು ಒಂದು ಸುಲಭೋಪಾಯವಿದೆ. ತಿಳಿಯನ್ನು ಹತ್ತು ಪಾಲು ನೀರು ಬೆರೆಸಿ ತೆಳುಮಾಡಿ ಮತ್ತೆ ಹಾಕಬೇಕು. ಡಿ.ಎನ್.ಎ. ಕಡಮೆಯಾದರೂ ಪಟ್ಟೆ ಮೂಡಿದರೆ, ಅಡ್ಡಿಯಾಗಿದ್ದುದು ಚೊಗರೇ ಎಂದು ಸಿದ್ಧವಾಗುತ್ತದೆ.

ಇಷ್ಟೆಲ್ಲ ಗೋಜೇಕೆ, ಚುಕ್ಕೆ ಬೆಳೆಸುವ ಬದಲು ಸಿಪ್ಪೆಯನ್ನೇ ನೇರವಾಗಿ ನಳಿಗೆಗೆ ಹಾಕಬಹುದಲ್ಲವೇ ಎಂದು ಕೇಳುವವರಿದ್ದಾರೆ. ಹಾಕಿದರೆ ನೂರಾರು ಜಾತಿಗಳ ವಾಕ್ಯಗಳು ಒಂದರ ಮೇಲೊಂದು ಬೆರೆತು ಬರುತ್ತವೆ. ಅವನ್ನು ಬಿಡಿಸಿ ಓದಲು ಬೇರೆಯೇ ಯಂತ್ರಗಳು ಬೇಕು. ಅಲ್ಲದೆ ಇನ್ನೊಂದು ತಮಾಷೆಯೂ ಇದೆ. ಗಿಡಗಳ ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಪ್ಲಾಸ್ಟ್ ಕಣಗಳು, ಬಹು ಪುರಾತನ ಕಾಲದಲ್ಲಿ ಗಿಡದ ಪೂರ್ವಜರೊಳಗೆ ಬಂದು ನೆಲೆಸಿದ ಬ್ಯಾಕ್ಟೀರಿಯಾಗಳ ಸಂತಾನ. ಅವುಗಳಲ್ಲಿಯೂ 16ಎಸ್ ವಾಕ್ಯವಿದೆ! ಹಸಿ ಸಿಪ್ಪೆಯನ್ನು ಹಾಗೆಯೇ ಹಾಕಿದರೆ ಬ್ಯಾಕ್ಟೀರಿಯಾದ ಬದಲು ಅಡಿಕೆಯ ಮರವೇ ಉತ್ತರ ಕೊಟ್ಟೀತು.

ಅಕ್ಷರ ಓದಿ ನೆಂಟರನ್ನು ಹುಡುಕುವುದು

ಒಳ್ಳೆಯ ಪಟ್ಟೆ ದೊರೆತ ಮೇಲೆ ಅದನ್ನು ಶುದ್ಧಮಾಡಿ, ಫ್ರೆಡರಿಕ್ ಸ್ಯಾಂಗರ್ 1977ರಲ್ಲಿ ಪ್ರಕಟಿಸಿದ ಕ್ರಮದಿಂದ ಅಕ್ಷರಗಳನ್ನು ಓದಿಸುತ್ತಾರೆ. ಒಂದು ತುದಿಯಿಂದ ಓದಿದರೆ ಸುಮಾರು 800 ಅಕ್ಷರಗಳವರೆಗೆ ಮಾತ್ರ ನಂಬಬಹುದು. ಆದ್ದರಿಂದ ಎರಡು ತುದಿಗಳಿಂದಲೂ ಓದಿ ನಡುವೆ ಹೊಂದಿಸುತ್ತಾರೆ. ಫಲ ಬರುವುದು ನಾಲ್ಕು ಬಣ್ಣಗಳ ಬೆಟ್ಟಸಾಲಿನಂತೆ. ಒಂದೊಂದು ಶಿಖರವೂ ಒಂದೊಂದು ಅಕ್ಷರ. ಆರಂಭದಿಂದಲೇ ಶಿಖರದ ಮೇಲೆ ಶಿಖರ ಕೂತಿದ್ದರೆ ನಳಿಗೆಯಲ್ಲಿ ಎರಡು ಜಾತಿಗಳಿದ್ದವು, ಚುಕ್ಕೆ ಶುದ್ಧವಾಗಿರಲಿಲ್ಲ. ಎಲ್ಲೋ ಒಂದೆರಡು ಕಡೆ ಮಾತ್ರ ಜೋಡಿ ಶಿಖರಗಳಿದ್ದರೆ ಗಾಬರಿಯಾಗಬೇಕಿಲ್ಲ. ಒಂದೇ ಕೋಶದಲ್ಲಿ ಈ ವಾಕ್ಯದ ಹಲವು ಪ್ರತಿಗಳಿರುತ್ತವೆ, ‘ಇ. ಕೋಲಿ’ಯಲ್ಲಿ ಏಳು. ಪ್ರತಿಗಳ ನಡುವೆ ಒಂದೆರಡು ಅಕ್ಷರಗಳ ಪಾಠಾಂತರವಿರುವುದು ಸಹಜ.

ಹೀಗೆ ದೊರೆತ ವಾಕ್ಯವನ್ನು, ಲೋಕದ ವಿಜ್ಞಾನಿಗಳೆಲ್ಲ ಕೂಡಿಸಿಟ್ಟಿರುವ ಸಾರ್ವಜನಿಕ ಭಂಡಾರದಲ್ಲಿನ ವಾಕ್ಯಗಳೊಡನೆ ಗಣಕದಲ್ಲಿ ಹೋಲಿಸುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಭಂಡಾರಕ್ಕೆ ಯಾರು ಬೇಕಾದರೂ ವಾಕ್ಯವನ್ನು ಸೇರಿಸಬಹುದು. ಸೇರಿಸುವಾಗ ಇಟ್ಟ ಹೆಸರು ತಪ್ಪಾಗಿರಬಹುದು. ಅದಕ್ಕಾಗಿಯೇ ಪ್ರತಿಯೊಂದು ಜಾತಿಗೂ ಹೆಸರಿಡುವಾಗ ಆಧಾರವಾಗಿ ಕಾಪಾಡಿಟ್ಟ ಒಂದು ಮಾದರಿ ತಳಿ ಇರುತ್ತದೆ. ಹೋಲಿಕೆ ಮಾಡಬೇಕಾದುದು ಅದರೊಡನೆ.

ಎಷ್ಟು ಹೋಲಿದರೆ ಒಂದೇ ಜಾತಿ? ಬಹುಕಾಲ 97 ಪ್ರತಿಶತವೆಂದು ಹೇಳುತ್ತಿದ್ದರು. ಹೆಚ್ಚು ಹೆಚ್ಚು ಜಾತಿಗಳ ಇಡೀ ಡಿ.ಎನ್.ಎ. ಓದಿದ ಮೇಲೆ ಗೆರೆಯನ್ನು 98.7ರ ಆಸುಪಾಸಿಗೆ ಏರಿಸಿದ್ದಾರೆ. 1,450 ಅಕ್ಷರಗಳಲ್ಲಿ ಸುಮಾರು 20 ಅಥವಾ ಹೆಚ್ಚು ಅಕ್ಷರಗಳು ಬೇರೆಯಾದರೆ ಅದು ಬೇರೆ ಜಾತಿಯೆಂದು ಹೇಳಲು ಧೈರ್ಯ ಬರುತ್ತದೆ. ಈ ಗೆರೆ ಒಂದೇ ಮುಖವಾಗಿ ಕೆಲಸ ಮಾಡುವುದನ್ನು ಗಮನಿಸಬೇಕು. ಗೆರೆಯ ಕೆಳಗಿದ್ದರೆ ಬೇರೆಯವನೆಂದು ಹೇಳಬಹುದು. ಮೇಲಿದ್ದ ಮಾತ್ರಕ್ಕೆ ಅವನೇ ಇವನೆಂದು ಹೇಳಲಾಗದು. ನಮ್ಮ ಮಾದರಿಯ ಕಥೆ ತಿರುಗುವುದು ಇಲ್ಲಿಯೇ.

ವಿದ್ಯಾರ್ಥಿನಿಯ ಜೀವಿಯಲ್ಲಿ ಹೋಲಿಸಬಹುದಾದ 1,430 ಅಕ್ಷರಗಳು ದೊರೆತವೆನ್ನೋಣ. ‘ಬ್ಯಾಸಿಲಸ್ ಸೀರಿಯಸ್’ ಎಂಬುದರ ಮಾದರಿ ತಳಿಯೊಡನೆ ವ್ಯತ್ಯಾಸ ಎರಡೇ ಅಕ್ಷರಗಳು, ಎಂದರೆ 99.86 ಪ್ರತಿಶತ ಹೋಲಿಕೆ. ಹೆಸರು ಸಿಕ್ಕಿತೆಂದು ಅವಳು ಪುಸ್ತಕದಲ್ಲಿ ಬರೆದುಕೊಳ್ಳುವಷ್ಟರಲ್ಲಿ ಪಟ್ಟಿಯ ಮುಂದಿನ ಸಾಲುಗಳು ಕಣ್ಣಿಗೆ ಬೀಳುತ್ತವೆ. ‘ಬ್ಯಾಸಿಲಸ್ ಥುರಿಂಜಿಯೆನ್ಸಿಸ್’ನೊಡನೆಯೂ ವ್ಯತ್ಯಾಸ ಎರಡೇ. ‘ಬ್ಯಾಸಿಲಸ್ ಆಂಥ್ರಾಸಿಸ್’ನೊಡನೆಯೂ ಎರಡೋ ಮೂರೋ.

ಈ ಮೂವರು ಯಾರೆಂದು ತಿಳಿದರೆ ಅವಳ ಕೈ ತಡೆದುದೇಕೆಂದು ಅರ್ಥವಾಗುತ್ತದೆ. ಮೊದಲನೆಯದು ಮಣ್ಣಿನಲ್ಲಿ ಎಲ್ಲೆಲ್ಲಿಯೂ ಇರುವಂಥದು. ಬೇಯಿಸಿ ಬಹಳ ಹೊತ್ತು ಹೊರಗೆ ಬಿಟ್ಟ ಅನ್ನದಲ್ಲಿ ಬೆಳೆದು ವಾಂತಿಭೇದಿಗೆ ಕಾರಣವಾಗುತ್ತದೆ. ಎರಡನೆಯದು ಹುಳುಗಳನ್ನು ಕೊಲ್ಲುವ ಹರಳನ್ನು ತನ್ನೊಳಗೆ ಕಟ್ಟುತ್ತದೆ. ರೈತರು ಅದನ್ನು ಬೆಳೆಗೆ ಸಿಂಪಡಿಸುತ್ತಾರೆ. ಮೂರನೆಯದು ದನಕುರಿಗಳನ್ನೂ ಮನುಷ್ಯರನ್ನೂ ಕೊಲ್ಲುವ ಆಂಥ್ರಾಕ್ಸ್ ರೋಗದ ಜೀವಿ. ಒಬ್ಬ ಅಡಿಗೆಮನೆಯ ಕಿರುಕುಳ, ಒಬ್ಬ ಹೊಲದ ಮಿತ್ರ, ಒಬ್ಬ ಯಮದೂತ. ಈ ಮೂವರ 16ಎಸ್ ವಾಕ್ಯ ಹೆಚ್ಚು ಕಡಮೆ ಒಂದೇ! ಏಕೆಂದರೆ ಹರಳನ್ನು ಕಟ್ಟುವ ವಿದ್ಯೆಯೂ, ಆಂಥ್ರಾಕ್ಸಿನ ವಿಷವನ್ನು ತಯಾರಿಸುವ ವಿದ್ಯೆಯೂ ಪ್ಲಾಸ್ಮಿಡ್ ಎಂಬ ಬಿಡಿ ಡಿ.ಎನ್.ಎ. ಉಂಗುರಗಳಲ್ಲಿ ಬರೆದಿರುತ್ತವೆ. ನಿಧಾನವಾಗಿ ಬದಲಾಗುವ ರೈಬೋಸೋಮಿನ ವಾಕ್ಯ ಕುಲವನ್ನು ಹೇಳುತ್ತದೆ. ಮನುಷ್ಯನ ಕಸುಬನ್ನೂ ಶೀಲವನ್ನೂ ಹೇಳುವುದು ಗೋತ್ರದ ಕೆಲಸವಲ್ಲವಷ್ಟೆ.

ಆದ್ದರಿಂದ ಮುಂದಿನ ಪರೀಕ್ಷೆಗಳು ಬೇರೆ. ಅದಕ್ಕೂ ಮೊದಲು, ಸಂಶಯ ಹುಟ್ಟಿದ ಕ್ಷಣದಿಂದಲೇ ತಟ್ಟೆಗಳನ್ನು ತೆರೆದಿಡದೆ ಹಿರಿಯರಿಗೆ ತಿಳಿಸಬೇಕು. ಆಂಥ್ರಾಕ್ಸಿನ ಜೀವಿ ಸಾಮಾನ್ಯವಾಗಿ ಈಜುವುದಿಲ್ಲ, ರಕ್ತ ಬೆರೆಸಿದ ತಟ್ಟೆಯಲ್ಲಿ ರಕ್ತಕಣಗಳನ್ನು ಒಡೆಯುವುದಿಲ್ಲ. ಸೀರಿಯಸ್ ಎರಡನ್ನೂ ಮಾಡುತ್ತದೆ. ಥುರಿಂಜಿಯೆನ್ಸಿಸ್‌ನ ಹರಳನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ವಿಷದ ವಾಕ್ಯಗಳಿಗೇ ಒಪ್ಪುವ ಪ್ರೈಮರುಗಳನ್ನು ಹಾಕಿ ಮತ್ತೊಂದು ಪಿ.ಸಿ.ಆರ್. ಮಾಡಬಹುದು. ಕಡೆಯ ತೀರ್ಮಾನ ಬೇಕಾದರೆ ಇಡೀ ಡಿ.ಎನ್.ಎ.ಯನ್ನು ಓದಿಸಿ ಹೋಲಿಸಬೇಕು. ನಮ್ಮ ಮಾದರಿಯ ಜೀವಿ ಈಜುತ್ತದೆ, ರಕ್ತಕಣಗಳನ್ನು ಒಡೆಯುತ್ತದೆ, ಹರಳನ್ನು ಕಟ್ಟುವುದಿಲ್ಲ ಎಂದಾದರೆ ಯಮದೂತನ ಭಯ ಬಹುಮಟ್ಟಿಗೆ ನೀಗಿತು. ಆದರೆ ಹೊಟ್ಟೆ ಕೆಡಿಸುವವನನ್ನು ಗೊಬ್ಬರದ ಚೀಲದಲ್ಲಿ ತುಂಬಿ ಹಂಚಲು ಯಾವ ಬುದ್ಧಿವಂತರೂ ಒಪ್ಪರು. ಉಂಗುರ ಎಷ್ಟೇ ದೊಡ್ಡದಾಗಿದ್ದರೂ ಆ ಚುಕ್ಕೆಯನ್ನು ಬದಿಗಿಟ್ಟು, ತಟ್ಟೆಯ ಮೇಲಿನ ಎರಡನೆಯ ದೊಡ್ಡ ಉಂಗುರದಿಂದ ಕೆಲಸವನ್ನು ಮೊದಲಿಗೆ ತೆಗೆದುಕೊಳ್ಳಬೇಕಾಗುತ್ತದೆ.

ಈ ಕ್ರಮದ ಎಲ್ಲೆಯನ್ನು ಶಿವಮೊಗ್ಗ ಜಿಲ್ಲೆಯವರು ಇನ್ನೊಂದು ಉದಾಹರಣೆಯಿಂದಲೂ ತಿಳಿಯಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೆ ಜ್ವರ ಹರಡಿತು. ಆಗ ಕಂಡುಬಂದ ಮಂಗನ ಕಾಯಿಲೆಯ ರೋಗಾಣುವನ್ನು 27F, 1492R ಜೋಡಿಯಿಂದ ಎಷ್ಟು ಸುತ್ತು ತಿರುಗಿಸಿದರೂ ಹಿಡಿಯಲಾಗದು. ಅದು ವೈರಸ್, ವೈರಸಿಗೆ ಸ್ವಂತ ರೈಬೋಸೋಮ್ ಇಲ್ಲ, ಅದು ನಮ್ಮ ಕೋಶಗಳ ಯಂತ್ರವನ್ನೇ ಕದ್ದು ಬಳಸುತ್ತದೆ. ಅದರ ಆರ್.ಎನ್.ಎ.ಯನ್ನು ಮೊದಲು ಡಿ.ಎನ್.ಎ.ಯಾಗಿ ಬರೆದುಕೊಂಡು, ಅದಕ್ಕೆಂದೇ ಮಾಡಿದ ಪ್ರೈಮರುಗಳಿಂದ ಪಿ.ಸಿ.ಆರ್. ಮಾಡಬೇಕು. ಅಡಿಕೆಗೆ ಕೊಳೆರೋಗವನ್ನು ತರುವ ಜೀವಿಯೂ ಬ್ಯಾಕ್ಟೀರಿಯಾ ಅಲ್ಲವಾದ್ದರಿಂದ ಅದನ್ನೂ ಈ ಜೋಡಿ ಗುರುತಿಸದು. ಪಟ್ಟೆ ಕಾಣಲಿಲ್ಲವೆಂದರೆ ರೋಗಾಣುವೇ ಇಲ್ಲವೆಂದಲ್ಲ. ನಾವು ಕೇಳಿದ ಪ್ರಶ್ನೆಗೆ ಉತ್ತರಿಸುವಂಥವರು ಅಲ್ಲಿರಲಿಲ್ಲವೆಂದಷ್ಟೆ.

ಸಿಪ್ಪೆಯನ್ನು ಬೇಗ ಗೊಬ್ಬರ ಮಾಡುವುದೆಂದು ಸೂಕ್ಷ್ಮಜೀವಿಗಳ ಪೊಟ್ಟಣವೊಂದನ್ನು ಯಾರಾದರೂ ಮುಂದೆ ಚಾಚಿದಾಗ, ಅದರ ಮೇಲೆ ಬ್ಯಾಕ್ಟೀರಿಯಾದ ಲ್ಯಾಟಿನ್ ಹೆಸರು ಮುದ್ರಿತವಾಗಿದ್ದರೆ, ಮೂರು ಮಾತುಗಳನ್ನು ಕೇಳುವುದು ಉಚಿತ. ಎಷ್ಟು ಅಕ್ಷರಗಳನ್ನು ಓದಿ ಈ ಹೆಸರನ್ನಿಟ್ಟಿರಿ? ಮಾದರಿ ತಳಿಯೊಡನೆ ಹೋಲಿಸಿದಿರಾ? ಅಷ್ಟೇ ಹೋಲುವ ಬೇರೆ ನೆಂಟರು ಯಾರಾದರೂ ಇದ್ದರೇ, ಇದ್ದರೆ ಅವರನ್ನು ಯಾವ ಪರೀಕ್ಷೆಯಿಂದ ಬಿಟ್ಟಿರಿ? ಮೂರನೆಯದಕ್ಕೆ ನೆಟ್ಟಗೆ ಉತ್ತರ ಬರುವ ತನಕ ಪೊಟ್ಟಣವನ್ನು ಬಿಚ್ಚದಿರುವುದೇ ಮೇಲು.